ಸ್ಟ್ಯಾಟಿನ್ ಒಗ್ಗದವರು ಮಾತ್ರೆಗಳ ಹೊತ್ತು ಹೊಂದಿಸಿಕೊಳ್ಳುವುದು ಹೇಗೆ?

ಐವತ್ತೆಂಟರ ಒಬ್ಬ ಗೃಹಿಣಿ ಎಂದುಕೊಳ್ಳಿ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಎರಡು ಬಗೆಯದು ತೆಗೆದುಕೊಂಡಾಗಲೂ ತೊಡೆ ನೋವು. ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ 160. ಬೆಳಿಗ್ಗೆ ಥೈರಾಯ್ಡ್ ಮಾತ್ರೆ, ರಾತ್ರಿ ಬಿಪಿ ಮಾತ್ರೆ.

ಮೊದಲು ಥೈರಾಯ್ಡ್ ಕೆಲಸ ಹೇಗಿದೆ ಎಂದು ತಿಳಿಸುವ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ. ಥೈರಾಯ್ಡ್ ಕುಂಠಿತವಾದರೆ ಸ್ನಾಯು ನೋವೂ ಬರುತ್ತದೆ, ಎಲ್‌ಡಿಎಲ್ ಕೂಡ ಏರುತ್ತದೆ. ಅಪವಾದ ಮಾತ್ರ ಸ್ಟ್ಯಾಟಿನ್ ತಲೆಗೆ. ಥೈರಾಯ್ಡ್ ಸರಿಯಿದ್ದು, ಕಡಿಮೆ ಪ್ರಮಾಣದ ಸ್ಟ್ಯಾಟಿನ್ ಕೂಡ ಒಗ್ಗದಿದ್ದರೆ ಬೇರೆ ದಾರಿ ನೋಡಬೇಕು. ವೈದ್ಯರು ಸಾಮಾನ್ಯವಾಗಿ ಮೊದಲು ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರಿಕೆ ತಡೆಯುವ ಎಜೆಟಿಮಿಬ್ ಕೊಡುತ್ತಾರೆ. ಅದೂ ಸಾಲದಾದಾಗ ಅಥವಾ ಒಗ್ಗದಾಗ ಬೆಂಪೆಡೋಯಿಕ್ ಆ್ಯಸಿಡ್ ಮತ್ತು ಪಿತ್ತಾಮ್ಲ ಬಂಧಕಗಳ ಮಾತು ಬರುತ್ತದೆ.

ಸ್ಟ್ಯಾಟಿನ್‌ನಂತೆ ಬೆಂಪೆಡೋಯಿಕ್ ಆ್ಯಸಿಡ್ ಸಹ ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಿಕೆಯನ್ನೇ ತಡೆಯುತ್ತದೆ. ಆದರೆ ಈ ಔಷಧವನ್ನು ಚುರುಕುಗೊಳಿಸುವ ಕಿಣ್ವ ಸ್ನಾಯುಗಳಲ್ಲಿ ಇಲ್ಲ. ಹಾಗಾಗಿ ಅಲ್ಲಿ ಅದು ಕೆಲಸ ಮಾಡುವುದಿಲ್ಲ. ದಿನಕ್ಕೊಂದು 180 ಮಿಲಿಗ್ರಾಂ ಮಾತ್ರೆ, ಊಟದ ಮೊದಲೋ ಆಮೇಲೋ ಎಂಬ ಕಟ್ಟಳೆಯಿಲ್ಲ. ಎಲ್‌ಡಿಎಲ್ ಸುಮಾರು ಐದನೆಯ ಒಂದು ಭಾಗ ಇಳಿಯುತ್ತದೆ: 160 ಇದ್ದದ್ದು 128ರ ಆಸುಪಾಸಿಗೆ. ಆರಂಭಿಸುವ ಮೊದಲು ಯೂರಿಕ್ ಆ್ಯಸಿಡ್ ನೋಡಿಸಿಕೊಳ್ಳಿ, ಈ ಔಷಧ ಅದನ್ನು ಏರಿಸುತ್ತದೆ. ಹಿಂದೆ ಗೌಟ್ ಎಂಬ ಕೀಲೂತ ಆಗಿದ್ದವರು ಮುಚ್ಚಿಡಬಾರದು.

ಇನ್ನೂ ಇಳಿಯಬೇಕಿದ್ದರೆ ಕೊಲೆಸೆವೆಲಾಮ್‌ನಂಥ ಬಂಧಕ. ಇದು ರಕ್ತಕ್ಕೆ ಸೇರುವುದೇ ಇಲ್ಲ. ಕರುಳಿನಲ್ಲಿ ಪಿತ್ತಾಮ್ಲವನ್ನು ಹಿಡಿದು ಮಲದೊಂದಿಗೆ ಹೊರಹಾಕುತ್ತದೆ. ಹೊಸ ಪಿತ್ತಾಮ್ಲ ಮಾಡಲು ಯಕೃತ್ತು ರಕ್ತದ ಕೊಲೆಸ್ಟ್ರಾಲನ್ನು ಎಳೆದುಕೊಳ್ಳುತ್ತದೆ. ಪೂರ್ಣ ಪ್ರಮಾಣ ದಿನಕ್ಕೆ 625 ಮಿಲಿಗ್ರಾಮಿನ ಆರು ಮಾತ್ರೆ, ಊಟದೊಂದಿಗೆ. ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಏರುವುದುಂಟು; 500 ದಾಟಿದವರಿಗೆ ಇದು ಬೇಡ. ಕೊಲೆಸ್ಟೈರಮೈನ್ ಎಂಬ ಇನ್ನೊಂದು ಬಂಧಕದ ಪುಡಿಯಾದರೆ ಒಣದಾಗಿ ನುಂಗದೆ ನೀರಿನಲ್ಲಿ ಕಲಸಿ ಕುಡಿಯಬೇಕು.

ಎಡವುವುದು ಇಲ್ಲೇ. ಬಂಧಕಕ್ಕೆ ಪಿತ್ತಾಮ್ಲ ಯಾವುದು, ಥೈರಾಯ್ಡ್ ಮಾತ್ರೆ ಯಾವುದು ಎಂಬ ಭೇದವಿಲ್ಲ, ಎರಡನ್ನೂ ಹಿಡಿಯುತ್ತದೆ. ಎಲ್ಲವನ್ನೂ ಒಂದೇ ಡಬ್ಬಿಯಿಂದ ಒಟ್ಟಿಗೆ ನುಂಗಿದರೆ ಕೆಲವೇ ವಾರಗಳಲ್ಲಿ ಟಿಎಸ್‌ಎಚ್ ಏರಿ, ಮತ್ತದೇ ಆಯಾಸ ಶುರುವಾಗಬಹುದು. ಥೈರಾಯ್ಡ್ ಮಾತ್ರೆ ಬಂಧಕಕ್ಕಿಂತ ಕನಿಷ್ಠ ನಾಲ್ಕು ಗಂಟೆ ಮೊದಲೇ ಹೊಟ್ಟೆ ಸೇರಿರಬೇಕು. ನಮ್ಮ ಗೃಹಿಣಿಯ ದಿನ ಹೀಗೆ: ಆರಕ್ಕೆ ಥೈರಾಯ್ಡ್ ಮಾತ್ರೆ, ಎಂಟಕ್ಕೆ ತಿಂಡಿಯೊಂದಿಗೆ ಬೆಂಪೆಡೋಯಿಕ್, ಒಂದೂವರೆಯ ಊಟಕ್ಕೆ ಬಂಧಕ, ರಾತ್ರಿ ಒಂಬತ್ತಕ್ಕೆ ಬಿಪಿ ಮಾತ್ರೆ.

ಬಂಧಕದಿಂದ ಮಲಬದ್ಧತೆ ಸಾಮಾನ್ಯ. ಕಡಿಮೆ ಮಾತ್ರೆಗಳಿಂದ ಆರಂಭಿಸಿ ಏರಿಸುತ್ತ ಹೋಗುವುದು, ನೀರು ಹೆಚ್ಚು ಕುಡಿಯುವುದು ಉಪಾಯ. ಎಂಟರಿಂದ ಹನ್ನೆರಡು ವಾರಕ್ಕೆ ಲಿಪಿಡ್, ಯೂರಿಕ್ ಆ್ಯಸಿಡ್, ಟಿಎಸ್‌ಎಚ್ ಮತ್ತೆ ನೋಡಿಸಿ. ಎರಡೂ ಔಷಧ ಸೇರಿ ಎಲ್‌ಡಿಎಲ್ ಅನ್ನು 110ರ ಹತ್ತಿರ ತಂದರೆ ನಿರೀಕ್ಷೆಯಂತೆಯೇ ಆಯಿತು. ನಡುವೆ ಕಾಲಿನ ಹೆಬ್ಬೆರಳ ಕೀಲು ಕೆಂಪಾಗಿ ಊದಿಕೊಂಡರೆ, ಹಿಮ್ಮಡಿಯ ಮೇಲಿನ ನರದಂತಹ ಸ್ನಾಯುರಜ್ಜು ಹಠಾತ್ತನೆ ನೋಯತೊಡಗಿದರೆ, ಆ ದಿನದ ಬೆಂಪೆಡೋಯಿಕ್ ಮಾತ್ರೆ ನುಂಗುವ ಮುನ್ನ ವೈದ್ಯರಿಗೆ ಫೋನ್ ಮಾಡಿ.