ಹತ್ತು ತುಂಬಿದ ಮಗುವಿನ ವಯಸ್ಸು ಹತ್ತಲ್ಲ

ನಲವತ್ತು ಮಕ್ಕಳಿರುವ ಒಂದು ತರಗತಿಯ ಸರಾಸರಿ ವಯಸ್ಸನ್ನು ನಾನೂ ನನ್ನ ಸಹೋದ್ಯೋಗಿಯೂ ಬೇರೆ ಬೇರೆ ಕೂತು ಲೆಕ್ಕ ಹಾಕಿದ್ದೆವು. ನನಗೆ 10.2 ಬಂತು, ಅವರಿಗೆ 10.7. ತರಗತಿ ಒಂದೇ, ಮಕ್ಕಳೂ ಅವರೇ, ಲೆಕ್ಕ ಹಿಡಿದ ದಿನವೂ ಒಂದೇ. ಅವರ ಕೈಯಲ್ಲಿ ಮಕ್ಕಳ ಹುಟ್ಟಿದ ತಾರೀಖುಗಳಿದ್ದವು. ನನ್ನ ಕೈಯಲ್ಲಿದ್ದದ್ದು ವಯಸ್ಸಿನ ಪಟ್ಟಿ ಮಾತ್ರ: 9 ವರ್ಷದವರು 6, 10 ವರ್ಷದವರು 22, 11 ವರ್ಷದವರು 10, 12 ವರ್ಷದವರು 2.

ಕೂಡಿಸಿದ್ದರಲ್ಲಿ ತಪ್ಪಾಗಿದೆಯೇನೋ ಎಂದು ಮೂರು ಸಲ ನೋಡಿದೆ. 54, 220, 110, 24. ಒಟ್ಟು 408. ಅದನ್ನು 40ರಿಂದ ಭಾಗಿಸಿದರೆ 10.2. ಗುಣಾಕಾರ, ಸಂಕಲನ ಎಲ್ಲ ಸರಿಯಾಗಿಯೇ ಇತ್ತು. ಆಗ ಅವರು ಕೇಳಿದ ಒಂದು ಪ್ರಶ್ನೆಯಿಂದ ಗಂಟು ಬಿಚ್ಚಿತು. "ಸರ್, ನಿಮ್ಮ ಪಟ್ಟಿಯಲ್ಲಿ ಹತ್ತು ಅಂತ ಇದೆಯಲ್ಲ, ಅದು ಹತ್ತು ತುಂಬಿರೋದೋ, ಹತ್ತು ನಡೀತಿರೋದೋ?"

ನಾವು ಮಾತಿನಲ್ಲಿ ಈ ವ್ಯತ್ಯಾಸವನ್ನು ಎಷ್ಟು ಸಹಜವಾಗಿ ಮಾಡುತ್ತೇವೆ! "ಹತ್ತು ತುಂಬಿ ಹನ್ನೊಂದು ನಡೀತಿದೆ" ಎಂದರೆ ಮಗು ಹತ್ತಕ್ಕೂ ಹನ್ನೊಂದಕ್ಕೂ ನಡುವೆ ಎಲ್ಲೋ ಇದೆ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಪಟ್ಟಿಗೆ ಬರುವಾಗ ಆ ಮಾತು ಬರೀ 10 ಎಂಬ ಅಂಕಿಯಾಗಿ ನಿಲ್ಲುತ್ತದೆ. ನೋಂದಣಿ ಪುಸ್ತಕಗಳಲ್ಲಿ, ಸಮೀಕ್ಷೆಗಳಲ್ಲಿ ಸಾಮಾನ್ಯವಾಗಿ ಬರೆಯುವುದು ತುಂಬಿದ ವರ್ಷ. ಅಂದರೆ ನನ್ನ ಪಟ್ಟಿಯ 10ರಲ್ಲಿ ನಿನ್ನೆ ಹತ್ತು ತುಂಬಿದವನೂ ಇದ್ದಾನೆ, ನಾಳೆ ಹನ್ನೊಂದು ತುಂಬಲಿರುವವಳೂ ಇದ್ದಾಳೆ. ಅವರನ್ನೆಲ್ಲ ಒಟ್ಟು ಸೇರಿಸಿ ಒಂದು ವಯಸ್ಸು ಹೇಳಬೇಕಾದರೆ ಅದು 10.5, 10 ಅಲ್ಲ. ಪ್ರತಿ ಸಾಲಿನಲ್ಲೂ ಹೀಗೆ ಅರ್ಧ ವರ್ಷ ಕೈಬಿಟ್ಟಿದ್ದರಿಂದ ಉತ್ತರವೂ ಅರ್ಧ ವರ್ಷ ಕಡಿಮೆ ಬಂದಿತ್ತು. 10.2ಕ್ಕೆ 0.5 ಸೇರಿಸಿದರೆ 10.7.

ಅಂದಿನಿಂದ ಸ್ಪ್ರೆಡ್‌ಶೀಟಿನಲ್ಲಿ ವಯಸ್ಸು `A2:A5`ನಲ್ಲೂ ಮಕ್ಕಳ ಸಂಖ್ಯೆ `B2:B5`ನಲ್ಲೂ ಇದ್ದರೆ ನಾನು ಬರೆಯುವ ಸೂತ್ರ ಇದು:

```
=SUMPRODUCT(A2:A5,B2:B5)/SUM(B2:B5)+0.5
```

ಪಟ್ಟಿಯಲ್ಲಿರುವುದು ನಡೆಯುತ್ತಿರುವ ವರ್ಷವಾದರೆ ಕೊನೆಯಲ್ಲಿ ಅರ್ಧ ಕೂಡಿಸುವುದಲ್ಲ, ಕಳೆಯಬೇಕು. ಹಾಗಾಗಿ ಲೆಕ್ಕಕ್ಕೆ ಕೂರುವ ಮೊದಲು ಪಟ್ಟಿ ಬರೆದವರನ್ನೇ ಕೇಳುವುದು ಒಳ್ಳೆಯದು.

ಈ ಅರ್ಧ ವರ್ಷವೂ ಒಂದು ಊಹೆಯೇ. ಒಂದು ವರ್ಷದೊಳಗೆ ಹುಟ್ಟಿದ ದಿನಗಳು ಸಮವಾಗಿ ಹರಡಿವೆ ಎಂದುಕೊಂಡರೆ ಮಾತ್ರ ಅದು ನಿಲ್ಲುತ್ತದೆ. ತಾರೀಖುಗಳನ್ನು ನೋಡಿದಾಗ ಆ ಆರು ಮಂದಿ 9 ವರ್ಷದವರು ಹತ್ತು ತುಂಬಲು ಎರಡು ಮೂರು ತಿಂಗಳಷ್ಟೇ ಉಳಿದವರು ಎಂದು ಕಂಡಿತು. ಸೇರ್ಪಡೆಗೆ ಕನಿಷ್ಠ ವಯಸ್ಸಿನ ನಿಯಮವಿದ್ದರೆ ತರಗತಿಯ ಅತಿ ಚಿಕ್ಕವರು ಹೀಗೆ ಒಂದು ಅಂಚಿನಲ್ಲಿ ಗುಂಪಾಗುವುದು ಸಹಜ. ಅವರ ನಿಜ ವಯಸ್ಸು 9.5ರ ಬದಲು 9.8ರ ಹತ್ತಿರ. 12ರ ಇಬ್ಬರಾದರೋ ಈಗಷ್ಟೇ ಹನ್ನೆರಡು ದಾಟಿದವರು, 12.2ರ ಆಸುಪಾಸು. ಇವೆರಡನ್ನೂ ತಿದ್ದಿದರೂ ಸರಾಸರಿ ಬದಲಾದದ್ದು 0.03 ವರ್ಷ ಮಾತ್ರ. ಅಂಚಿನ ಸಾಲುಗಳಲ್ಲಿ ಮಕ್ಕಳು ಕಡಿಮೆ, ಆದ್ದರಿಂದ ಅಲ್ಲಿನ ತಪ್ಪು ಉತ್ತರವನ್ನು ಕದಲಿಸುವುದಿಲ್ಲ. ಅರ್ಧ ವರ್ಷ ಬಿಟ್ಟ ತಪ್ಪು ಹಾಗಲ್ಲ, ಅದು ನಲವತ್ತು ಮಕ್ಕಳಿಗೂ ಒಂದೇ ದಿಕ್ಕಿನಲ್ಲಿ ತಾಗಿತ್ತು.

ಅದೇ ಪಟ್ಟಿಯನ್ನು ಎರಡೆರಡು ವರ್ಷದ ಗುಂಪು ಮಾಡಿ ನೋಡೋಣ. 9–10ರ ವರ್ಗದಲ್ಲಿ 28 ಮಕ್ಕಳು, 11–12ರಲ್ಲಿ 12. ಇಲ್ಲಿ ಮಧ್ಯಬಿಂದು ಹಿಡಿಯುವಾಗಲೇ ಹೆಚ್ಚಿನವರು ಎಡವುತ್ತಾರೆ, ನಾನೂ ಎಡವಿದ್ದೆ. 9ಕ್ಕೆ 10 ಕೂಡಿಸಿ ಎರಡರಿಂದ ಭಾಗಿಸಿದರೆ 9.5. ಆದರೆ 9–10 ಎಂದು ಬರೆದ ವರ್ಗ ನಿಜಕ್ಕೂ ಒಂಬತ್ತು ತುಂಬಿದ ದಿನದಿಂದ ಹನ್ನೊಂದು ತುಂಬುವ ಹಿಂದಿನ ದಿನದವರೆಗೆ ಹಬ್ಬಿದೆ. ಅದರ ಮಧ್ಯಬಿಂದು 10. ಮುಂದಿನದರದ್ದು 12. ಸರಿಯಾದ ಮಧ್ಯಬಿಂದುಗಳಿಂದ 280ಕ್ಕೆ 144 ಕೂಡಿಸಿ 40ರಿಂದ ಭಾಗಿಸಿದರೆ 10.6 ಬರುತ್ತದೆ. ತಪ್ಪು ಮಧ್ಯಬಿಂದುಗಳಿಂದ 10.1.

10.7 ಇದ್ದದ್ದು 10.6 ಆದದ್ದು ಗುಂಪು ಮಾಡಿದ್ದಕ್ಕೆ ತೆತ್ತ ಬೆಲೆ. ಮೊದಲ ವರ್ಗದಲ್ಲಿ ಹತ್ತರವರೇ ಹೆಚ್ಚು, ಅಲ್ಲಿನ ಮಕ್ಕಳ ನಿಜವಾದ ಸರಾಸರಿ 10.29. ಎರಡನೆಯದರಲ್ಲಿ ಹನ್ನೊಂದರವರೇ ಹೆಚ್ಚು, ಅಲ್ಲಿ 11.67. ಮಧ್ಯಬಿಂದು ಮೊದಲ ವರ್ಗವನ್ನು ಕೆಳಕ್ಕೆ ಎಳೆದಿದೆ, ಎರಡನೆಯದನ್ನು ಮೇಲಕ್ಕೆ ತಳ್ಳಿದೆ. ಎರಡೂ ಭಾಗಶಃ ಒಂದನ್ನೊಂದು ಹೊಡೆದುಹಾಕಿವೆ. ವರ್ಗೀಕೃತ ದತ್ತಾಂಶದ ಸರಾಸರಿ ನಿಜಕ್ಕೆ ಇಷ್ಟು ಹತ್ತಿರ ಬರುವುದು ಈ ಕಾರಣಕ್ಕೇ.

ಮಧ್ಯಾಂಕದ ಮಹತ್ವ ನನಗೆ ಗೊತ್ತಾದದ್ದು ಒಂದು ಬೆರಳಚ್ಚಿನ ತಪ್ಪಿನಿಂದ. ಈ ತರಗತಿಯ ಮಧ್ಯಾಂಕ ತೆಗೆಯಲು ಅರ್ಧ ಮಕ್ಕಳು, ಅಂದರೆ 20 ಜನ, ಯಾವ ವಯಸ್ಸಿಗೆ ತಲುಪುತ್ತಾರೆಂದು ನೋಡಬೇಕು. ಒಂಬತ್ತರವರು 6. ಇನ್ನು 14 ಜನ ಹತ್ತರ 22 ಮಂದಿಯಲ್ಲಿ ಸಿಗಬೇಕು. 14ನ್ನು 22ರಿಂದ ಭಾಗಿಸಿದರೆ 0.64, ಆದ್ದರಿಂದ ಮಧ್ಯಾಂಕ 10.64. ಸರಾಸರಿಗೂ ಇದಕ್ಕೂ ಹೇಳಿಕೊಳ್ಳುವ ಅಂತರವಿಲ್ಲ. ಇನ್ನೊಂದು ಸಲ ಇದೇ ಪಟ್ಟಿಯನ್ನು ಹೊಸದಾಗಿ ತುಂಬುವಾಗ ಹತ್ತರ ಒಬ್ಬ ಹುಡುಗನ ಹುಟ್ಟಿದ ವರ್ಷದಲ್ಲಿ 20ರ ಬದಲು 19 ಬಿದ್ದು ಅವನ ವಯಸ್ಸು 110 ಆಯಿತು. ಸರಾಸರಿ ಒಮ್ಮೆಲೇ 13.2ಕ್ಕೆ ಏರಿತು. ಮಧ್ಯಾಂಕ 10.67ಕ್ಕೆ ಹೋಯಿತು, ಅಷ್ಟೇ. ಉಳಿದವರೆಲ್ಲ 13ಕ್ಕಿಂತ ಚಿಕ್ಕವರಾಗಿರುವ ತರಗತಿಯ ಸರಾಸರಿ 13.2 ಇರಲಾರದು ಎಂಬುದರಿಂದಲೇ ತಪ್ಪು ಸಿಕ್ಕಿತು. ಈಗ ನಾನು ಯಾವಾಗಲೂ ಎರಡನ್ನೂ ತೆಗೆದು ಪಕ್ಕಪಕ್ಕ ಇಡುತ್ತೇನೆ. ಒಂದು ತರಗತಿಯಲ್ಲಿ ಇವೆರಡರ ನಡುವೆ ಒಂದು ವರ್ಷಕ್ಕಿಂತ ಹೆಚ್ಚು ಅಂತರ ಕಂಡರೆ ಮೊದಲು ಹುಡುಕುವುದು ಇಂಥ ಸಾಲನ್ನೇ.

ಆದರೆ ಒಂದು ಇಡೀ ಜನಸಮುದಾಯದಲ್ಲಿ ಈ ಅಂತರ ತಪ್ಪಿನ ಗುರುತಲ್ಲ, ಅದು ಆ ಸಮುದಾಯದ ಸ್ವಭಾವ. ಒಂದು ಸಮೀಕ್ಷೆಯಲ್ಲಿ ನನ್ನ ಮುಂದೆ ಬಂದ ಕೋಷ್ಟಕ ಹೀಗಿತ್ತು. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ದುಂಡಾಗಿಸಿದ್ದೇನೆ.

| ತುಂಬಿದ ವಯಸ್ಸು | ಜನ | ಸಂಚಿತ ಆವೃತ್ತಿ |
|---|---|---|
| 0–14 | 300 | 300 |
| 15–29 | 280 | 580 |
| 30–44 | 200 | 780 |
| 45–59 | 130 | 910 |
| 60 ಮತ್ತು ಮೇಲೆ | 90 | 1000 |

ಮಧ್ಯಾಂಕಕ್ಕೆ 500ನೆಯ ವ್ಯಕ್ತಿ ಬೇಕು. ಮೊದಲ ವರ್ಗದಲ್ಲಿ 300 ಜನ ಮುಗಿದರು, ಎರಡನೆಯದರ 280 ಜನರಲ್ಲಿ ಇನ್ನೂ 200 ಜನರನ್ನು ದಾಟಬೇಕು:

```
15 + (500 - 300) / 280 × 15 = 25.71
```

ವರ್ಗದ ಕೆಳಮಿತಿ 15 ಎಂದು ನಾನು ಬರೆದದ್ದನ್ನು ಗಮನಿಸಿ. 15–29ರಂತೆ ವರ್ಗಗಳ ನಡುವೆ ಸಂದು ಇದ್ದರೆ ಕೆಳಗೆ 0.5 ಕಳೆದು, ಮೇಲೆ 0.5 ಕೂಡಿಸಿ 14.5–29.5 ಮಾಡಿಕೊಳ್ಳಬೇಕೆಂದು ಶಾಲೆಯಲ್ಲಿ ಕಲಿತಿದ್ದೇವೆ. ಎತ್ತರದಂಥ ಅಳತೆಯನ್ನು ಹತ್ತಿರದ ಪೂರ್ಣಾಂಕಕ್ಕೆ ದುಂಡಾಗಿಸಿದ್ದರೆ ಆ ನಿಯಮ ಸರಿ, ಏಕೆಂದರೆ 14.6 ಇದ್ದದ್ದು ಅಲ್ಲಿ 15 ಆಗಿರುತ್ತದೆ. ವಯಸ್ಸನ್ನು ಸಾಮಾನ್ಯವಾಗಿ ಹಾಗೆ ದುಂಡಾಗಿಸುವುದಿಲ್ಲ. ಹದಿನಾಲ್ಕು ವರ್ಷ ಹನ್ನೊಂದು ತಿಂಗಳಿನವಳು ಪಟ್ಟಿಯಲ್ಲಿ 14 ವರ್ಷದವಳೇ. ಹಾಗಾಗಿ ವರ್ಗ ಶುರುವಾಗುವುದು 15ಕ್ಕೆ, ಮುಗಿಯುವುದು 30ಕ್ಕೆ, ಅಗಲ 15. ಆ ನಿಯಮವನ್ನು ಇಲ್ಲಿಗೆ ತಂದರೆ ಮಧ್ಯಾಂಕ 25.21 ಆಗುತ್ತದೆ, ಮತ್ತದೇ ಅರ್ಧ ವರ್ಷ ಕಡಿಮೆ. 29ರಲ್ಲಿ 15 ಕಳೆದು ಅಗಲವನ್ನು 14 ಎಂದುಕೊಂಡವರಿಗೆ ಸರಿಯಾಗಿ 25 ಬರುತ್ತದೆ. ಉತ್ತರ ದುಂಡಗಿರುವುದರಿಂದ ಈ ಎರಡನೆಯ ತಪ್ಪು ಇನ್ನೂ ಸುಲಭವಾಗಿ ಕಣ್ಣು ತಪ್ಪಿಸುತ್ತದೆ.

ಸರಾಸರಿಗೆ ಬಂದರೆ ಮೊದಲ ನಾಲ್ಕು ವರ್ಗಗಳ ಮಧ್ಯಬಿಂದುಗಳು 7.5, 22.5, 37.5, 52.5. ಜನಸಂಖ್ಯೆಯಿಂದ ಗುಣಿಸಿ ಕೂಡಿಸಿದರೆ 22,875. ಉಳಿದದ್ದು ಮೇಲ್ಮಿತಿಯೇ ಇಲ್ಲದ ಕೊನೆಯ ವರ್ಗ. ಅದರ ಮಧ್ಯಬಿಂದು ಎಲ್ಲಿದೆ? 67.5 ಎಂದುಕೊಂಡರೆ ಒಟ್ಟು ಸರಾಸರಿ 28.95, 75 ಎಂದುಕೊಂಡರೆ 29.63. ನೂರಕ್ಕೆ ಒಂಬತ್ತು ಜನರ ಬಗ್ಗೆ ನಾನು ಮಾಡುವ ಊಹೆ ಸಾವಿರ ಜನರ ಸರಾಸರಿಯನ್ನು ಅಲುಗಾಡಿಸುತ್ತದೆ. ಮಧ್ಯಾಂಕಕ್ಕೆ ಈ ಚಿಂತೆ ಇಲ್ಲ. ಆ 90 ಜನರಿಗೆ 61 ಇರಲಿ, 95 ಇರಲಿ, ಅವರೆಲ್ಲ 500ನೆಯ ವ್ಯಕ್ತಿಗಿಂತ ಹಿರಿಯರು ಎಂಬುದಷ್ಟೇ ಅದಕ್ಕೆ ಸಾಕು. ದೇಶದೇಶಗಳ ಜನಸಂಖ್ಯೆಯನ್ನು ಹೋಲಿಸುವಾಗ ವಿಶ್ವಸಂಸ್ಥೆಯ ಕೋಷ್ಟಕಗಳು ಮಧ್ಯಾಂಕ ವಯಸ್ಸನ್ನು ಕೊಡುವುದಕ್ಕೆ ಇದೂ ಒಂದು ಒಳ್ಳೆಯ ಸಮರ್ಥನೆ ಎಂದು ನನಗನಿಸುತ್ತದೆ. ನೈಜರ್ ದೇಶದ ಮಧ್ಯಾಂಕ ಸುಮಾರು 15 ವರ್ಷ ಎಂದರೆ ಅಲ್ಲಿ ಅರ್ಧದಷ್ಟು ಜನ ಇನ್ನೂ ಮಕ್ಕಳು ಎಂದು ತಕ್ಷಣ ಕಣ್ಣಿಗೆ ಕಟ್ಟುತ್ತದೆ. ಸರಾಸರಿಯಿಂದ ಹಾಗೆ ಓದಿಕೊಳ್ಳಲಾಗದು. ನನ್ನ ಕೋಷ್ಟಕದಲ್ಲೇ ಸರಾಸರಿ 29ರ ಸುತ್ತ ಇದ್ದರೂ ನೂರರಲ್ಲಿ 56 ಜನ ಅದಕ್ಕಿಂತ ಚಿಕ್ಕವರು. ಕಡಿಮೆ ಸಂಖ್ಯೆಯ ಹಿರಿಯರು ತಮ್ಮ ದೊಡ್ಡ ವಯಸ್ಸಿನಿಂದ ಸರಾಸರಿಯನ್ನು ಮೇಲಕ್ಕೆ ಎಳೆಯುತ್ತಾರೆ.

ಹಾಗೆಂದು ಮಧ್ಯಾಂಕವನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಹುಟ್ಟಿದ ತಾರೀಖು ಗೊತ್ತಿಲ್ಲದವರು ವಯಸ್ಸು ಹೇಳುವಾಗ 0 ಅಥವಾ 5ರಲ್ಲಿ ಮುಗಿಯುವ ಅಂಕಿಗೆ ಒಲಿಯುತ್ತಾರೆ. ನನ್ನ ವರ್ಗಗಳು ಶುರುವಾಗುವುದೂ 15, 30, 45, 60ರಲ್ಲೇ. ಇದರಿಂದ 28, 29ರವರು "ಮೂವತ್ತು" ಎಂದರೆ ಮುಂದಿನ ವರ್ಗಕ್ಕೆ ಜಿಗಿಯುತ್ತಾರೆ. 31, 32ರವರು ಹಾಗೆಂದರೆ ಇದ್ದಲ್ಲೇ ಇರುತ್ತಾರೆ. ತಪ್ಪು ಒಂದೇ ಕಡೆಗೆ ವಾಲುತ್ತದೆ. ಹೀಗೆ 20 ಜನ ಜಿಗಿದಿದ್ದಾರೆ ಎಂದಿಟ್ಟುಕೊಂಡು ಅವರನ್ನು ವಾಪಸ್ ತಂದರೆ ಎರಡನೆಯ ವರ್ಗದಲ್ಲಿ 300 ಜನ ಆಗಿ ಮಧ್ಯಾಂಕ 25.0ಕ್ಕೆ ಇಳಿಯುತ್ತದೆ. ಇಪ್ಪತ್ತೇ ಜನರಿಂದ ಮುಕ್ಕಾಲು ವರ್ಷದಷ್ಟು ವ್ಯತ್ಯಾಸ.

ಆ ಸಮೀಕ್ಷೆಗೆ ಸರಾಸರಿಯೂ ಬೇಕೇ ಬೇಕೆಂದು ಕೇಳಿದ್ದರಿಂದ ಊಹೆ ಮಾಡುವುದನ್ನು ಬಿಟ್ಟು ಅರವತ್ತು ದಾಟಿದ 90 ಜನರ ಫಾರಂಗಳನ್ನು ಒಂದೊಂದಾಗಿ ತೆಗೆದೆ. ಅವುಗಳಲ್ಲಿ 47 ವಯಸ್ಸುಗಳು 0 ಅಥವಾ 5ರಲ್ಲಿ ಮುಗಿದಿದ್ದವು. ಸಹಜವಾಗಿ ಹರಡಿದ್ದರೆ ಸುಮಾರು 18 ಇರಬೇಕಿತ್ತು. ಆದರೂ ಮಧ್ಯಬಿಂದುವನ್ನು ಊಹಿಸುವುದಕ್ಕಿಂತ ಇದು ಮೇಲು. ತುಂಬಿದ ವಯಸ್ಸುಗಳ ಸರಾಸರಿ 68.9 ಬಂತು, ಅರ್ಧ ವರ್ಷ ಸೇರಿಸಿ 69.4. ಅದನ್ನು 90ರಿಂದ ಗುಣಿಸಿದ 6,246ನ್ನು 22,875ಕ್ಕೆ ಕೂಡಿಸಿ ಸಾವಿರದಿಂದ ಭಾಗಿಸಿದೆ. ವರದಿಯಲ್ಲಿ ಮಧ್ಯಾಂಕ 25.7, ಸರಾಸರಿ 29.1 ಎಂದು ಬರೆದು, ವಯಸ್ಸು ತುಂಬಿದ ವರ್ಷಗಳಲ್ಲಿದೆ, ಕೊನೆಯ ವರ್ಗದ ಮೌಲ್ಯ ಫಾರಂಗಳಿಂದ ಬಂದದ್ದು ಎಂದು ಕೋಷ್ಟಕದ ಕೆಳಗೆ ಸೇರಿಸಿದೆ.