99 ರೂಪಾಯಿಯ ಚಟ್ನಿ ಪುಡಿ: ನನ್ನ ಅನುಭವ

ಧಾರವಾಡದಲ್ಲಿ ಶೇಂಗಾ ಚಟ್ನಿ ಪುಡಿ ಮಾಡಿ ಮಾರುವ ನಾನು 250 ಗ್ರಾಂ ಪೊಟ್ಟಣದ ಬೆಲೆಯನ್ನು 100ರಿಂದ 99ಕ್ಕೆ ಇಳಿಸುತ್ತೇನೆಂದಾಗ, ಒಂದು ರೂಪಾಯಿಗೆ ಯಾರೂ ಮರುಳಾಗುವುದಿಲ್ಲವೆಂದು ಮನೆಯಲ್ಲಿಯೇ ನಕ್ಕರು. ಆ ಒಂದು ರೂಪಾಯಿಯೂ ಪುಕ್ಕಟೆಯದಲ್ಲ. ಅಂಗಡಿಯವರಿಗೆ ನೂರಕ್ಕೆ ಇಪ್ಪತ್ತು ಬಿಟ್ಟು, ಸುಮಾರು 62 ರೂಪಾಯಿ ಖರ್ಚು ಕಳೆದರೆ ನನಗೆ ಉಳಿಯುತ್ತಿದ್ದ 18 ರೂಪಾಯಿ 17.20ಕ್ಕೆ ಇಳಿಯಿತು. ಅಂದರೆ ನೂರು ಪೊಟ್ಟಣ ಹೋಗುತ್ತಿದ್ದಲ್ಲಿ ನೂರೈದು ಹೋದರೆ ಮಾತ್ರ ಸರಿಹೋಗುತ್ತಿತ್ತು.

ಮೊದಲ ತಿಂಗಳು ಮಾರಾಟ ನಾಲ್ಕು ನೂರರಿಂದ ಐದು ನೂರು ದಾಟಿದ್ದನ್ನು ನೋಡಿ ಹಿಗ್ಗಿದೆ; ಅದು ದೀಪಾವಳಿಯ ತಿಂಗಳೆಂಬುದು ಮುಂದಿನ ತಿಂಗಳು ಲೆಕ್ಕ ಕೆಳಗಿಳಿದ ಮೇಲೆ ಹೊಳೆಯಿತು. ಆಮೇಲೆ ಆರು ಅಂಗಡಿಗಳನ್ನು ಆರಿಸಿ, ಮೂರರಲ್ಲಿ 99, ಮೂರರಲ್ಲಿ 100 ಇಟ್ಟು, ಹದಿನೈದು ದಿನಕ್ಕೊಮ್ಮೆ ಅದಲುಬದಲು ಮಾಡಿದೆ. ನಗದು ವ್ಯಾಪಾರದ ಅಂಗಡಿಗಳಲ್ಲಿ 99 ಕೈಕೊಟ್ಟಿತು. "ಅಕ್ಕಾರ, ಈ ಒಂದ್ ರೂಪಾಯಿ ಚಿಲ್ಲರ ನಾ ಎಲ್ಲಿಂದ ತರ್ಲಿರಿ?" ಎಂದು ಹುಬ್ಬಳ್ಳಿಯ ದುರ್ಗದಬೈಲಿನ ಅಂಗಡಿಯವರೊಬ್ಬರು ಕೇಳಿ, ಚಿಲ್ಲರೆಯ ಬದಲು ಪೆಪ್ಪರಮೆಂಟು ಕೊಡತೊಡಗಿದರು, ಗಿರಾಕಿಯ ಸಿಟ್ಟು ನನ್ನ ಪೊಟ್ಟಣದ ಮೇಲೆ ತಿರುಗಿ, ಅದು ಹಿಂದಿನ ಸಾಲಿಗೆ ಸರಿಯಿತು. ಆದರೆ ವಾಟ್ಸಾಪಿನಲ್ಲಿ ಪಟ್ಟಿ ನೋಡಿ ಫೋನಿನಲ್ಲೇ ಹಣ ಕಟ್ಟುವವರಲ್ಲಿ ಆರ್ಡರು ಸುಮಾರು ಹದಿನೈದು ಪ್ರತಿಶತ ಏರಿತು. ಹಾಗಾಗಿ ಎಮ್‌ಆರ್‌ಪಿ 100 ಎಂದೇ ಅಚ್ಚು ಹಾಕಿಸಿ, ನೇರ ಗಿರಾಕಿಗಳಿಗೆ ಮಾತ್ರ 99ಕ್ಕೆ ಕೊಟ್ಟೆ. ಎಮ್‌ಆರ್‌ಪಿಗಿಂತ ಕಡಿಮೆಗೆ ಮಾರಲು ಅಡ್ಡಿಯಿಲ್ಲ.

ಶೇಂಗಾ ತುಟ್ಟಿಯಾಗಿ ಖರ್ಚು 71ಕ್ಕೆ ಏರಿದಾಗ ನಿಜವಾದ ಪೆಟ್ಟು ಬಿತ್ತು. ಬೆಲೆ ಅಚ್ಚಾಗಿದ್ದ ಮೂರು ಸಾವಿರ ಚೀಲಗಳ ಮೇಲೆ ಹೆಚ್ಚಿನ ಬೆಲೆಯ ಚೀಟಿ ಅಂಟಿಸಲು ಕಾನೂನಿನಲ್ಲಿ ಅವಕಾಶವಿಲ್ಲದ್ದರಿಂದ ಹತ್ತಿರಹತ್ತಿರ ಒಂಬತ್ತು ಸಾವಿರ ರೂಪಾಯಿಯ ಮಾಲು ಮೂಲೆಗುಂಪಾಯಿತು. ಈಗ ಬೆಲೆಯ ಜಾಗ ಖಾಲಿ ಬಿಡಿಸಿ, ಪ್ರತಿ ಬ್ಯಾಚಿಗೆ ಮಷಿನ್ನಿನಿಂದ ಒತ್ತುತ್ತೇನೆ. ಹೊಸ ಬೆಲೆಯನ್ನು ಪಟ್ಟಿಯಲ್ಲಿ ಒಂದು ತಿಂಗಳು 110, ಮರುತಿಂಗಳು 119 ಎಂದು ಇಟ್ಟು ನೋಡಿದರೆ ಆರ್ಡರಿನಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಗಿರಾಕಿಯ ಬಾಯಲ್ಲಿ ಎರಡೂ "ನೂರರ ಮ್ಯಾಲೆ" ಎಂದೇ ಆಗಿದ್ದವು. ನನ್ನ ಮಟ್ಟಿಗೆ ಒಂಬತ್ತರಲ್ಲಿ ಮುಗಿಯುವ ಬೆಲೆ ಲಾಭ ತಂದದ್ದು ಇಳಿಸಿದಾಗಲ್ಲ, ಹೀಗೆ ಏರಿಸಿದಾಗ. ಅಂಗಡಿಗಳಲ್ಲಿ ಬೆಲೆ 120. ಪಟ್ಟಿಯಲ್ಲಿ ಆ 119ರ ಪಕ್ಕಕ್ಕೆ ಯಾವ ಮಾಲನ್ನು ನಿಲ್ಲಿಸುತ್ತೇನೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಮದುವೆಯ ಉಡುಗೊರೆ ಡಬ್ಬಿಗೂ ಇದೇ ಹುರುಪಿನಲ್ಲಿ 499 ಇಟ್ಟು ಎಡವಿದೆ. "ಬೀಗರಿಗೆ ಕೊಡೂದ್ರಿ, ಸೇಲಿನ ಮಾಲು ಅನ್ನಿಸ್ತದ" ಎಂದು ಒಬ್ಬ ತಾಯಿ ಡಬ್ಬಿಯನ್ನು ಕೆಳಗಿಟ್ಟರು. ಮರುವಾರವೇ 500 ಮಾಡಿದೆ. ಆ ಸೀಜನ್ನಿನಲ್ಲಿ ಎಪ್ಪತ್ತರಷ್ಟು ಡಬ್ಬಿಗಳು ಹೋದವು, ಬೆಲೆಯ ಬಗ್ಗೆ ಯಾರೂ ತಕರಾರು ತೆಗೆಯಲಿಲ್ಲ.