ಮೆಷಿನ್ ಬರೆದ ಎಣ್ಣೆ ಜಾಹೀರಾತಿಗೆ ಗಾಣದ ವಾಸನೆ ಹತ್ತಿಸಿದ್ದು

ಹೋದ ವರ್ಷ ದೀಪಾವಳಿಗೆ ತಿಂಗಳಿದೆ ಅನ್ನುವಾಗ ಚಳ್ಳಕೆರೆ ಕಡೆಯ ಒಬ್ಬ ಗಾಣದವರು ಫೋನ್ ಮಾಡಿದರು. "ಮೇಡಂ, ಬರೆಯೋದೇನೂ ಇಲ್ಲ. ಕಂಪ್ಯೂಟರೇ ಬರೆದು ಕೊಟ್ಟಿದೆ. ನೀವು ಒಂದ್ಸಲ ಕಣ್ಣಾಡಿಸಿದ್ರೆ ಸಾಕು, ಒಂದೂವರೆ ಸಾವಿರ ಕೊಡ್ತೀನಿ" ಎಂದರು. ಇಂಥ ಒಂದು ಜಾಹೀರಾತಿನ ಪುಟ ಬರೆಯಲು ನಾನು ಎಂಟು ಸಾವಿರ ತೆಗೆದುಕೊಳ್ಳುತ್ತಿದ್ದ ಕಾಲ ಒಂದಿತ್ತು. ಆ ತಿಂಗಳು ಕೈಯಲ್ಲಿ ಬೇರೆ ಕೆಲಸ ಇರಲಿಲ್ಲ. ಒಪ್ಪಿಕೊಂಡೆ.

ಇದೇ ಕಸುಬಿನ ನನ್ನ ಇಬ್ಬರು ಗೆಳತಿಯರು ನಕ್ಕರು. "ಮೆಷಿನ್ ಬರೆದದ್ದನ್ನ ರಿಪೇರಿ ಮಾಡೋ ಹೊತ್ತಿಗೆ ಎರಡು ಹೊಸದು ಬರೀಬಹುದು. ಸುಮ್ನೆ ಬಿಡು" ಅಂದರು. ಅವರು ಹೇಳಿದ್ದರಲ್ಲಿ ಅರ್ಧ ನಿಜ ಅಂತ ಆಮೇಲೆ ಗೊತ್ತಾಯಿತು. ಉಳಿದರ್ಧಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಕರಡು ಹೀಗೆ ಶುರುವಾಗುತ್ತಿತ್ತು:

"ಇಂದಿನ ವೇಗದ ಜಗತ್ತಿನಲ್ಲಿ, ಆರೋಗ್ಯಕರ ಜೀವನಶೈಲಿಯು ಅತ್ಯಂತ ಮುಖ್ಯವಾಗಿದೆ. ನಮ್ಮ ಗಾಣದ ಕಡಲೆಕಾಯಿ ಎಣ್ಣೆಯು ಕೇವಲ ಒಂದು ಎಣ್ಣೆಯಲ್ಲ, ಅದು ಪರಂಪರೆ, ಶುದ್ಧತೆ ಮತ್ತು ರುಚಿಯ ಸಂಗಮವಾಗಿದೆ. ಸಾಂಪ್ರದಾಯಿಕ ವಿಧಾನದಲ್ಲಿ ತಯಾರಿಸಲ್ಪಟ್ಟ ಈ ಎಣ್ಣೆಯು ನಿಮ್ಮ ಅಡುಗೆಯನ್ನು ಮುಂದಿನ ಹಂತಕ್ಕೆ ಕೊಂಡೊಯ್ಯುತ್ತದೆ."

ಇಂಥವು ಇಪ್ಪತ್ತೆರಡು ವಾಕ್ಯ. ಒಂದು ಪುಟದಲ್ಲಿ ಹದಿನೇಳೋ ಹದಿನೆಂಟೋ "ಮತ್ತು". ಹೆಚ್ಚುಕಡಿಮೆ ಅಷ್ಟೇ "ನಿಮ್ಮ". ನಮ್ಮಲ್ಲಿ ಯಾರಾದರೂ ಅಂಗಡಿಗೆ ಹೋಗಿ "ಅಕ್ಕಿ, ಬೇಳೆ ಮತ್ತು ಬೆಲ್ಲ ಕೊಡಿ" ಅಂತಾರಾ? ಅಕ್ಕಿ, ಬೇಳೆ, ಬೆಲ್ಲ ಕೊಡಿ ಅಂತಾರೆ. "ತಯಾರಿಸಲ್ಪಟ್ಟ", "ಕೇವಲ ಒಂದು ಎಣ್ಣೆಯಲ್ಲ", ಎಲ್ಲವೂ ಇಂಗ್ಲಿಷಿಗೆ ಪಂಚೆ ಉಡಿಸಿದ ಹಾಗೆ.

ಮೊದಲ ಸಲ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಪದ ಬದಲಾಯಿಸಿದೆ. "ಸಾಂಪ್ರದಾಯಿಕ" ತೆಗೆದು "ಹಳೇ ಕಾಲದ" ಹಾಕಿದೆ, "ಮತ್ತು" ಎಲ್ಲ ಕಿತ್ತೆ, ಉದ್ದ ವಾಕ್ಯ ಎರಡು ಮಾಡಿದೆ. ಮೂರು ಗಂಟೆ ಹಿಡಿಯಿತು. ಓದಿದರೆ ಸಲೀಸಾಗಿತ್ತು, ಆದರೆ ಯಾವ ಊರಿನ ಯಾವ ಗಾಣದ್ದಾದರೂ ಆಗಬಹುದಿತ್ತು. ಹೇಳುವ ವಿಷಯವೇ ಇಲ್ಲದ ವಾಕ್ಯವನ್ನು ಎಷ್ಟು ಪಾಲಿಶ್ ಮಾಡಿದರೂ ಅದು ಖಾಲಿ ಡಬ್ಬವೇ.

ಎರಡನೇ ಸಲ ಇನ್ನೂ ಕೆಟ್ಟಿತು. ಆಡುಮಾತಿನಲ್ಲಿ ಬರೆದರೆ ಜೀವ ಬರುತ್ತದೆ ಅಂದುಕೊಂಡು ಇಡೀ ಪುಟವನ್ನು ಆ ಕಡೆಯ ಮಾತಿಗೆ ತಿರುಗಿಸಿದೆ. ಗಾಣದವರ ಹೆಂಡತಿ ಓದಿ, "ಹಿಂಗ್ ಯಾರ್ ಮಾತಾಡ್ತಾರೆ ಮೇಡಂ? ನಾಟಕದಾಗೆ ಮಾತಾಡ್ದಂಗೈತಿ" ಎಂದು ನಕ್ಕರು. ನಾನು ದಾವಣಗೆರೆಯವಳು. ಪಕ್ಕದ ಜಿಲ್ಲೆಯ ಮಾತನ್ನು ಊಹೆಯ ಮೇಲೆ ಬರೆದರೆ ಅಲ್ಲಿಯವರಿಗೆ ಎರಡನೇ ಸಾಲಿನಲ್ಲೇ ಗೊತ್ತಾಗುತ್ತದೆ. ಅಲ್ಲಿಗೆ ಐದಾರು ಗಂಟೆ ಕಳೆದಿದ್ದೆ, ಒಂದೂವರೆ ಸಾವಿರದ ಕೆಲಸಕ್ಕೆ.

ಮೂರನೇ ಸಲ ಬರೆಯಲು ಕೂರಲಿಲ್ಲ, ಕಿತ್ತುಹಾಕಲು ಕೂತೆ. ನಾನು ಇದಕ್ಕೆ ಶಾಂಪೂ ಪರೀಕ್ಷೆ ಅನ್ನುತ್ತೇನೆ. ಕರಡಿನಲ್ಲಿ "ಎಣ್ಣೆ" ಇರುವಲ್ಲೆಲ್ಲ "ಶಾಂಪೂ" ಹಾಕಿ ಜೋರಾಗಿ ಓದುವುದು. "ನಮ್ಮ ಶಾಂಪೂ ಕೇವಲ ಒಂದು ಶಾಂಪೂ ಅಲ್ಲ, ಅದು ಪರಂಪರೆ, ಶುದ್ಧತೆ..." ಸರಿಯಾಗಿಯೇ ಕೂರುತ್ತದಲ್ವಾ? ಹಾಗೆ ಕೂತರೆ ಆ ವಾಕ್ಯ ಹೋಗಬೇಕು. ತಿದ್ದಬಾರದು, ತೆಗೆಯಬೇಕು. ಇಪ್ಪತ್ತೆರಡರಲ್ಲಿ ನಾಲ್ಕು ಉಳಿದವು. ಆ ನಾಲ್ಕನ್ನು ಫೋನಿನಲ್ಲಿ ಗಾಣದವರಿಗೆ ಓದಿ, ನಿಜವಾ ಅಂತ ಕೇಳಿದೆ. "ಮೂರು ತಲೆಮಾರಿನಿಂದ" ಅಂತ ಒಂದಿತ್ತು. ಅವರ ತಂದೆ ಲಾರಿ ಡ್ರೈವರ್, ಗಾಣ ಹಾಕಿ ಆರು ವರ್ಷ ಆಗಿದೆ ಅಷ್ಟೇ. "ಎತ್ತಿನ ಗಾಣ" ಅಂತ ಇನ್ನೊಂದು. ಅವರದು ಮೋಟರ್ ಗಾಣ. ಉಳಿದದ್ದು ಎರಡೇ: ರೇಟು, ಫೋನ್ ನಂಬರು.

ಈ ಸುಳ್ಳುಗಳನ್ನು ನೀವೂ ಹುಷಾರಾಗಿ ಹುಡುಕಬೇಕು. ಮೆಷಿನ್ನಿನ ಕರಡಿನಲ್ಲಿ ವಿವರದ ಹಾಗೆ ಕಾಣುವುದು ಎಷ್ಟೋ ಸಲ ವಿವರವೇ ಅಲ್ಲ. ಗಾಣ ಅಂದರೆ ಎತ್ತು ಇರಬೇಕು, ತಲೆಮಾರು ಇರಬೇಕು ಅಂತ ತುಂಬಿರುತ್ತದೆ. "ಕೊಲೆಸ್ಟ್ರಾಲ್ ವಿರುದ್ಧ ಹೋರಾಡುತ್ತದೆ" ಅಂತಲೂ ಇತ್ತು. ಎಣ್ಣೆ ಲೇಬಲ್ಲಿನ ಮೇಲೆ ಆ ಥರದ ಮಾತು ಹಾಕುವ ಹಾಗಿಲ್ಲ ಅಂತ ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ ನಿಯಮವೇ ಇದೆ. ಅದನ್ನು ಹಾಗೇ ಪ್ರಿಂಟ್ ಹಾಕಿಸಿದ್ದರೆ ಲೇಬಲ್ಲಿನ ದುಡ್ಡೆಲ್ಲ ನೀರಿಗೆ.

ಖಾಲಿಯಾದ ಪುಟ ತುಂಬಲು ಚಳ್ಳಕೆರೆಗೆ ಬಸ್ ಹತ್ತಿದೆ. ಗಾಣ ತಿರುಗುತ್ತಿರುವಾಗಲೇ ಮೊಬೈಲಿನಲ್ಲಿ ರೆಕಾರ್ಡ್ ಹಚ್ಚಿ ಪಕ್ಕದಲ್ಲಿ ಕೂತೆ. ಆಫೀಸಿನಲ್ಲಿ ಕೂರಿಸಿ ಕೇಳಿದರೆ ಅವರೂ "ಗುಣಮಟ್ಟವೇ ನಮ್ಮ ಗುರಿ" ಅಂತಲೇ ಶುರು ಮಾಡುತ್ತಾರೆ. ಕೈ ಕೆಲಸದಲ್ಲಿದ್ದಾಗ ಬಾಯಿ ನಿಜ ಹೇಳುತ್ತದೆ. ನಾನು ಕೇಳುವುದು ಮೂರೇ ಪ್ರಶ್ನೆ. ಗಿರಾಕಿ ಬೈಯೋದು ಯಾವುದಕ್ಕೆ? ನೀವು ದುಡ್ಡು ಕಳೆದುಕೊಳ್ಳೋದು ಎಲ್ಲಿ? ಮೂರನೆಯದು ನನ್ನ ಅನ್ನ, ಇಲ್ಲಿ ಹೇಳಲ್ಲ.

ನಲವತ್ತು ನಿಮಿಷದ ಮಾತಿನಲ್ಲಿ ಏನೇನು ಸಿಕ್ಕಿತು ನೋಡಿ. ಬಾಗೆ ಮರದ ಒರಳು. ಒಂದು ಲೀಟರಿಗೆ ಎರಡೂವರೆ ಕೆಜಿ ಶೇಂಗಾ ಬೀಜ ಬೇಕು, ಹಿಂಡಿ ದನಕ್ಕೆ ಮಾರಿ ಸ್ವಲ್ಪ ವಾಪಸ್ ಬರುತ್ತದೆ. ಎಣ್ಣೆ ಡ್ರಮ್ಮಿನಲ್ಲಿ ಮೂರು ದಿನ ತಿಳಿಯಾಗಬೇಕು. ಹಿಂಡಿಯ ಚೂರೊಂದು ನನ್ನ ಕೈಗೆ ಕೊಟ್ಟರು. ಬೆಚ್ಚಗಿತ್ತು. "ಎಲ್ಲಾರೂ ಕೋಲ್ಡ್ ಪ್ರೆಸ್ ಅಂತಾರೆ. ಕೋಲ್ಡ್ ಎಲ್ಲೈತಿ? ಉಗುರು ಬೆಚ್ಚಗೆ ಇರ್ತದೆ" ಅಂದರು. ಇಂಥ ಸಾಲು ಮನೆಯಲ್ಲಿ ಕೂತವರಿಗೆ ಸಿಗುವುದಿಲ್ಲ.

ನಿಜವಾದ ಗಂಟು ಸಿಕ್ಕಿದ್ದು ಮಾತ್ರ ಗಾಣದವರ ಹೆಂಡತಿ, ಅಕ್ಕನ ಹತ್ತಿರ. ವಾಟ್ಸಾಪ್ ನೋಡಿಕೊಳ್ಳುವುದು ಅವರೇ. ಗಿರಾಕಿಗಳು ಕಳಿಸಿದ ಮೆಸೇಜನ್ನೆಲ್ಲ ತೋರಿಸಿದರು. ಹೆಚ್ಚಿನವರು ಬೆಂಗಳೂರಿನವರು, ಹುಟ್ಟಿದಾಗಿನಿಂದ ಪ್ಯಾಕೆಟ್ ಎಣ್ಣೆ ಕಂಡವರು. "ಕಾಯಿಸಿದರೆ ನೊರೆ ಬರ್ತಿದೆ, ಏನು ಬೆರೆಸಿದ್ದೀರಿ?" "ತಳದಲ್ಲಿ ಕಸ ಇದೆ." "ಇಷ್ಟು ರೇಟ್ ಯಾಕೆ?" ಒಬ್ಬರಂತೂ ಬಾಣಲೆಯ ವಿಡಿಯೋ ಕಳಿಸಿ ದುಡ್ಡು ವಾಪಸ್ ಕೇಳಿದ್ದರು. ರಿಫೈನ್ ಮಾಡುವಾಗ ತೆಗೆದುಬಿಡುವ ಅಂಟಿನಂಶವೂ ಒಂದಿಷ್ಟು ತೇವವೂ ಗಾಣದ ಎಣ್ಣೆಯಲ್ಲಿ ಉಳಿದಿರುತ್ತದೆ. ಕಾದಾಗ ನೊರೆ ಏಳುವುದು ಅದರಿಂದ. ಕರಡಿನಲ್ಲಿ ನೊರೆ ಅನ್ನುವ ಪದವೇ ಇರಲಿಲ್ಲ.

ಹಾಗಾಗಿ ಬೈಗುಳಗಳನ್ನೇ ಸಾಲಾಗಿ ಇಟ್ಟು, ಅದಕ್ಕೆ ಅಕ್ಕ ಕೊಟ್ಟ ಉತ್ತರವನ್ನೇ ಪುಟ ಮಾಡಿದೆ. ಮೊದಲ ಪ್ಯಾರಾ ಹೀಗಾಯಿತು:

"ಎರಡೂವರೆ ಕೆಜಿ ಶೇಂಗಾ ಬೀಜ ಹಾಕಿದರೆ ಒಂದು ಲೀಟರ್ ಎಣ್ಣೆ. ರೇಟು ಜಾಸ್ತಿ ಅನ್ನಿಸುವುದು ಅದಕ್ಕೇ. ಮೂರು ದಿನ ಡ್ರಮ್ಮಿನಲ್ಲಿ ಬಿಟ್ಟು ಮೇಲಿನ ತಿಳಿ ಮಾತ್ರ ಬಗ್ಗಿಸಿ ತುಂಬುತ್ತೇವೆ. ಆದರೂ ಬಾಟಲಿ ತಳದಲ್ಲಿ ಚೂರು ಮಡ್ಡಿ ನಿಲ್ಲುತ್ತದೆ, ಅದು ಶೇಂಗಾದ್ದೇ. ಕಾಯಿಸಿದಾಗ ಮೊದಲು ನೊರೆ ಏಳುತ್ತದೆ. ಬಾಣಲೆಗೆ ಅರ್ಧದ ಮೇಲೆ ಹಾಕಬೇಡಿ, ಉರಿ ಸಣ್ಣಗಿಡಿ."

"ಕಡಲೆಕಾಯಿ ಎಣ್ಣೆ" ಅನ್ನುವುದನ್ನು ತಲೆಬರಹದಲ್ಲಿ ಮಾತ್ರ ಉಳಿಸಿದೆ, ಬೆಂಗಳೂರಿನವರು ಹುಡುಕುವುದು ಹಾಗೆ. ಒಳಗೆಲ್ಲ ಶೇಂಗಾ. ಆಡುಮಾತಿನ ಅವತಾರ ಬೇಕಾಗಲೇ ಇಲ್ಲ. ಮಡ್ಡಿ, ಹಿಂಡಿ, ತಿಳಿ, ಬಗ್ಗಿಸು ಅನ್ನುವ ಕಸುಬಿನ ನಾಲ್ಕು ಮಾತು ಸರಿಯಾದ ಜಾಗದಲ್ಲಿ ಬಿದ್ದರೆ ಉಳಿದದ್ದು ಸಾದಾ ಕನ್ನಡದಲ್ಲಿದ್ದರೂ ನಡೆಯುತ್ತದೆ.

ಗಾಣದವರಿಗೆ ಹೆದರಿಕೆ. "ಮಡ್ಡಿ, ನೊರೆ ಅಂತ ನಾವೇ ಬರ್ಕೊಂಡ್ರೆ ಯಾರ್ ತಗೋತಾರೆ?" ಹದಿನೈದು ದಿನ ಹಾಕಿ ನೋಡಿ, ಆಗದಿದ್ದರೆ ದುಡ್ಡು ಬೇಡ ಅಂದೆ. ನನ್ನ ಒಂಬತ್ತು ಗಂಟೆ, ಬಸ್ ಚಾರ್ಜು ಎಲ್ಲ ಜೂಜಿಗಿಟ್ಟ ಹಾಗೆ. ಮುಂಚೆ ವಾರಕ್ಕೆ ವಾಟ್ಸಾಪಿನಲ್ಲಿ ಹತ್ತು ಹನ್ನೆರಡು ಲೀಟರ್ ಹೋಗುತ್ತಿತ್ತು. ದೀಪಾವಳಿ ವಾರದಲ್ಲಿ ನಲವತ್ತರ ಹತ್ತಿರ ಹೋಯಿತು. ಅದು ಹಬ್ಬದ ಲೆಕ್ಕ, ನನ್ನದಲ್ಲ. ಆದರೆ ಸಂಕ್ರಾಂತಿ ಆದಮೇಲೂ ಇಪ್ಪತ್ತರ ಆಸುಪಾಸಿನಲ್ಲಿ ನಿಂತಿತು. ಅದರಲ್ಲಿ ನನ್ನ ಪಾಲಿದೆ ಅಂತ ಧೈರ್ಯವಾಗಿ ಹೇಳುತ್ತೇನೆ. ಅದಕ್ಕಿಂತ ಮುಖ್ಯ, ನೊರೆ ಬಗ್ಗೆ ವಾರಕ್ಕೆ ಐದಾರು ಬರುತ್ತಿದ್ದ ಫೋನು ಒಂದಕ್ಕಿಳಿಯಿತು. ಗಾಣದವರು ತಾವಾಗಿಯೇ ಇನ್ನೂ ಮೂರು ಸಾವಿರ ಹಾಕಿದರು. ಈಗ ಇಂಥ ರಿಪೇರಿಗೆ ನಾನು ಆರು ಸಾವಿರ ಕೇಳುತ್ತೇನೆ. ನಕ್ಕ ಗೆಳತಿಯರಲ್ಲಿ ಒಬ್ಬಳು ಈಗ ಅದೇ ಪರೀಕ್ಷೆ ಮಾಡುತ್ತಾಳೆ, ಶಾಂಪೂ ಬದಲು ಟೂತ್‌ಪೇಸ್ಟ್ ಅಂತೆ.

ಎಲ್ಲ ಕಡೆ ಗೆದ್ದೆ ಅಂತಲ್ಲ. ಇದೇ ಹುಮ್ಮಸ್ಸಿನಲ್ಲಿ ಒಬ್ಬರ ಬ್ಯಾಡಗಿ ಮೆಣಸಿನಪುಡಿಯ ಕರಡು ಹಿಡಿದೆ. ಕಡ್ಡಿ ತಳಿ ಯಾವುದು, ಡಬ್ಬಿ ತಳಿ ಯಾವುದು, ತೊಟ್ಟು ಎಲ್ಲಿ ಮುರಿಯುತ್ತಾರೆ, ಎಷ್ಟು ದಿನ ಒಣಗಿಸುತ್ತಾರೆ, ಗೊತ್ತಾದದ್ದನ್ನೆಲ್ಲ ಸುರಿದೆ. ನಮ್ಮ ಚಿಕ್ಕಮ್ಮನಿಗೆ ಓದಲು ಕೊಟ್ಟೆ. ಅರ್ಧಕ್ಕೆ ಇಟ್ಟು, "ಕೊನೆಗೆ ಖಾರ ಇದೆಯೋ ಇಲ್ವೋ?" ಅಂದರು. ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಅದೊಂದು ಮಾತು ಎಲ್ಲೋ ಆರನೇ ಸಾಲಿನಲ್ಲಿ ಹೂತುಹೋಗಿತ್ತು. ಈಗ ಒಂದು ಪ್ಯಾರಾಕ್ಕೆ ಗಿರಾಕಿಯ ಒಂದು ಅನುಮಾನ, ಅದಕ್ಕೆ ಬೇಕಾದಷ್ಟೇ ವಿವರ.

ಗಾಣದವರ ಬರವಣಿಗೆ ಕೆಲಸ ಮಾತ್ರ ಈಗ ನನ್ನ ಹತ್ತಿರ ಬರುವುದಿಲ್ಲ. ಮಾರ್ಚಿನಲ್ಲಿ ಅಕ್ಕ ಗಿರಾಕಿಗಳಿಗೆ ಕಳಿಸಿದ ಮೆಸೇಜು ನನಗೂ ಬಂತು: "ಈ ಸಲದ ಶೇಂಗಾ ಸ್ವಲ್ಪ ಹಸಿ ಐತಿ. ಇನ್ನೆರಡು ಬಿಸಿಲು ಕಾಯಿಸಿ ಹಾಕ್ತೀವಿ. ಎಣ್ಣೆ ಗುರುವಾರ." ನಾನು ಅದರಲ್ಲಿ ಒಂದು ಅಕ್ಷರ ಮುಟ್ಟಲಿಲ್ಲ. ಎರಡು ಲೀಟರ್ ಹೇಳಿದೆ.